ಸಿಡಿಲಿನಿಂದ ಕಾಪಾಡುವುದು ಕಾರಿನ ಟೈರೇ?

ಗುಡುಗು ಸಿಡಿಲಿನ ಮಳೆಯಲ್ಲಿ ಕಾರಿನೊಳಗೆ ಕುಳಿತವರು ಸುರಕ್ಷಿತ ಎಂಬುದನ್ನು ನೀವು ಕೇಳಿರುತ್ತೀರಿ. ಏಕೆ ಎಂದರೆ ಹಲವರು ರಬ್ಬರ್ ಟೈರುಗಳ ಕಡೆ ಕೈ ತೋರಿಸುತ್ತಾರೆ. ನಿಜವಾದ ಉತ್ತರ ಬೇಕಾದರೆ 1836ರ ಜನವರಿ ತಿಂಗಳಿಗೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋಗಬೇಕು.

ಅಲ್ಲಿನ ಉಪನ್ಯಾಸ ಕೊಠಡಿಯಲ್ಲಿ ಮೈಕೇಲ್ ಫ್ಯಾರಡೆ 12 ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಗೂಡನ್ನು ಕಟ್ಟಿಸಿದ. ಮರದ ತೆಳುವಾದ ಚೌಕಟ್ಟಿಗೆ ತಾಮ್ರದ ತಂತಿಯನ್ನು ಬಲೆಯಂತೆ ಹೆಣೆದು, ಮೇಲೆ ಕಾಗದ ಹೊದಿಸಿ, ತವರದ ಹಾಳೆಯ ಪಟ್ಟಿಗಳನ್ನು ಅಂಟಿಸಲಾಗಿತ್ತು. ನೆಲದೊಡನೆ ಅದಕ್ಕೆ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಯಂತ್ರದಿಂದ ಗೂಡಿಗೆ ವಿದ್ಯುದಾವೇಶ ತುಂಬಿದಾಗ ಹೊರಮೈಯಿಂದ ಎಲ್ಲೆಡೆ ಕಿಡಿಗಳು ಹಾರುತ್ತಿದ್ದವು. ಫ್ಯಾರಡೆ ಉರಿಯುವ ಮೇಣದಬತ್ತಿ, ವಿದ್ಯುದ್ದರ್ಶಕಗಳನ್ನು ಹಿಡಿದು ಒಳಗೇ ಹೋಗಿ ಕುಳಿತ. ಉಪಕರಣಗಳು ಕದಲಲಿಲ್ಲ!

ಇದಕ್ಕೆ ಕಾರಣವೇನು? ಲೋಹದಲ್ಲಿ ಸ್ವತಂತ್ರವಾಗಿ ಚಲಿಸಬಲ್ಲ ಎಲೆಕ್ಟ್ರಾನುಗಳಿವೆ. ಆವೇಶಗೊಂಡ ಮೋಡವೊಂದು ಲೋಹದ ಪೆಟ್ಟಿಗೆಯ ಮೇಲೆ ಬಂತೆನ್ನಿ. ಮೋಡದ ಅಡಿಭಾಗ ಋಣವಾಗಿದ್ದರೆ ಎಲೆಕ್ಟ್ರಾನುಗಳು ಕೆಳಕ್ಕೆ ಸರಿಯುತ್ತವೆ. ಪೆಟ್ಟಿಗೆಯ ಮೇಲ್ಭಾಗ ಧನ, ಕೆಳಭಾಗ ಋಣವಾಗುತ್ತದೆ. ಇವೇ ಪ್ರೇರಿತ ಆವೇಶಗಳು. ಇವುಗಳ ಪ್ರಭಾವವೂ ಮೋಡದ ಪ್ರಭಾವವೂ ಒಳಗಡೆ ಪರಸ್ಪರ ವಿರುದ್ಧ. ಎರಡೂ ಸರಿದೂಗುವವರೆಗೆ ಎಲೆಕ್ಟ್ರಾನುಗಳು ಸರಿಯುತ್ತಲೇ ಇರುತ್ತವೆ, ಆಮೇಲೆ ನಿಲ್ಲುತ್ತವೆ.

ಈ ರಕ್ಷಣೆ ಒಮ್ಮುಖವಾದದ್ದು ಎಂಬುದನ್ನು ಮರೆಯಬೇಡಿ. 1843ರಲ್ಲಿ ಫ್ಯಾರಡೆ ಮಂಜುಗಡ್ಡೆ ಇಡುವ ಒಂದು ಲೋಹದ ಪಾತ್ರೆಯನ್ನು ಚಿನ್ನದ ರೇಕಿನ ವಿದ್ಯುದ್ದರ್ಶಕಕ್ಕೆ ಜೋಡಿಸಿ, ಆವೇಶಗೊಂಡ ಹಿತ್ತಾಳೆಯ ಗುಂಡನ್ನು ರೇಷ್ಮೆ ದಾರದಿಂದ ಒಳಕ್ಕೆ ಇಳಿಬಿಟ್ಟ. ಗುಂಡು ಎಲ್ಲೂ ತಾಗದಿದ್ದರೂ ಹೊರಗಿನ ರೇಕುಗಳು ಬಿಚ್ಚಿಕೊಂಡವು. ಒಳಗಿನ ಆವೇಶದ ಸುದ್ದಿ ಹೊರಗೆ ಬಂದೇ ಬರುತ್ತದೆ! ಗುಂಡನ್ನು ತಳಕ್ಕೆ ತಾಗಿಸಿದಾಗ ರೇಕುಗಳು ಹಾಗೆಯೇ ನಿಂತವು. ಮೇಲೆತ್ತಿ ನೋಡಿದರೆ ಗುಂಡಿನಲ್ಲಿ ಆವೇಶವೇ ಇರಲಿಲ್ಲ. ಅದಷ್ಟೂ ಪಾತ್ರೆಯ ಹೊರಮೈ ಸೇರಿತ್ತು.

ಈಗ ಕಾರಿಗೆ ಬರೋಣ. ಸಿಡಿಲು ನಿಂತ ಆವೇಶವಲ್ಲ, ಹರಿಯುವ ಪ್ರವಾಹ. ಸಾಮಾನ್ಯವಾಗಿ ಸುಮಾರು 30,000 ಆಂಪಿಯರ್. ಆದರೆ ಅದು ಏರಿ ಇಳಿಯುವುದು ಕ್ಷಣಾರ್ಧಕ್ಕಿಂತಲೂ ಬೇಗ. ಅಷ್ಟು ವೇಗವಾಗಿ ಬದಲಾಗುವ ಪ್ರವಾಹ ಲೋಹದ ಹೊರಪದರದಲ್ಲೇ ಹರಿಯುತ್ತದೆ. ಹೀಗೆ ಅದು ಛಾವಣಿಯಿಂದ ಬಾಗಿಲು, ಕಂಬಗಳ ಮೂಲಕ ಕೆಳಗಿಳಿದು, ಚಕ್ರದ ಬಳಿಯಿಂದ ನೆಲಕ್ಕೆ ಹಾರುತ್ತದೆ. ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದದ್ದಕ್ಕೆ ಗೇಣುದ್ದದ ರಬ್ಬರ್ ಯಾವ ಲೆಕ್ಕ? ಎಷ್ಟೋ ಸಲ ಟೈರೇ ಸಿಡಿದುಹೋಗುತ್ತದೆ.

ಅದೇ ಟೈರುಗಳಿರುವ ಸ್ಕೂಟರಿನಲ್ಲಿ ಸವಾರನಿಗೆ ರಕ್ಷಣೆ ಇಲ್ಲ, ಬಟ್ಟೆಯ ಛಾವಣಿಯ ಜೀಪಿನಲ್ಲೂ ಇಲ್ಲ. ಲೋಹದ ಕಾರಿನಲ್ಲಿದ್ದರೂ ಕಿಟಕಿ ಏರಿಸಿ, ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿರಿ. ಬಾಗಿಲಿನ ಲೋಹವನ್ನಾಗಲಿ ರೇಡಿಯೋವನ್ನಾಗಲಿ ಮುಟ್ಟಬೇಡಿ. ಒಂದು ಕಾಲು ಒಳಗೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತವನ ಮೈಯೇ ಆ ಪ್ರವಾಹಕ್ಕೆ ದಾರಿಯಾಗಬಹುದು.