ಕ್ರೇನ್ ಕೆಲಸಕ್ಕೆ ಮುನ್ನ ಹತ್ತು ನಿಮಿಷ: ಅಕ್ಷರ ಬಾರದವರಿಗೂ ತಿಳಿಯುವ ಕೈಸನ್ನೆ

ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿ ಕೆಲಸದಿಂದಾಗಿ ಕಾಸರಗೋಡಿನವರಿಗೆ ಕ್ರೇನ್ ಈಗ ಹೊಸತೇನಲ್ಲ. ಕಬ್ಬಿಣದ ಅಂಗಡಿಗಳಲ್ಲೂ ಲೋಡ್ ಇಳಿಸಲು ಹೈಡ್ರಾ ಬರುತ್ತದೆ. ಕೆಲಸದವರಲ್ಲಿ ಒಬ್ಬರದು ಮಲಯಾಳಂ, ಇನ್ನೊಬ್ಬರದು ತುಳು, ಮತ್ತೊಬ್ಬರದು ಬಂಗಾಳಿ. ಗೋಡೆಗೆ ಸುರಕ್ಷತಾ ಚಾರ್ಟ್ ಅಂಟಿಸಿದರೆ ಓದುವವರು ಯಾರು? ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಮಾಡಿ ತೋರಿಸುವುದೇ ಒಳ್ಳೆಯದು. ಮೇಸ್ತ್ರಿ ಹೀಗೆ ಹೇಳಬಹುದು:

"ಇವತ್ತು 12 ಎಂ.ಎಂ. ಕಂಬಿಯ ಕಟ್ಟು ಎತ್ತಲಿಕ್ಕಿದೆ. 12 ಮೀಟರ್ ಉದ್ದದ ಒಂದು ಕಂಬಿ ಹತ್ತೂವರೆ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ನೂರು ಕಂಬಿ ಅಂದ್ರೆ ಸುಮಾರು 1,066 ಕೆ.ಜಿ.

ಇಬ್ಬರು ಮುಂದೆ ಬನ್ನಿ. ಒಂದು ಬಕೆಟ್ ನೀರಿಗೆ ಹಗ್ಗ ಹಾಕಿ ಎರಡು ತುದಿ ಹಿಡ್ಕೊಳ್ಳಿ. ಹತ್ತಿರ ನಿಂತರೆ ಹಗುರ. ಈಗ ದೂರ ದೂರ ಹೋಗಿ. ಕೈ ಎಳೀತದೆ ಅಲ್ವಾ? ಬಕೆಟ್ ಅದೇ, ನೀರೂ ಅಷ್ಟೇ. ಸ್ಲಿಂಗಿಗೂ ಹೀಗೇ ಆಗ್ತದೆ. ಎರಡು ಕಾಲಿನ ನಡುವೆ 60 ಡಿಗ್ರಿ ಇದ್ದರೆ ಒಂದೊಂದಕ್ಕೆ ಸುಮಾರು 615 ಕೆ.ಜಿ. ಎಳೆತ. 120 ಡಿಗ್ರಿಗೆ ಅಗಲಿಸಿದರೆ ಒಂದೊಂದಕ್ಕೂ ಪೂರ್ತಿ 1,066. ಹಾಗಾಗಿ ಕಾಲು ಅಗಲ ಆಗಿ ಕಂಡರೆ ಉದ್ದದ ಸ್ಲಿಂಗ್ ತನ್ನಿ.

ಈಗ ಕೈಸನ್ನೆ. ತೋರುಬೆರಳು ಮೇಲೆ ಮಾಡಿ ಸಣ್ಣಕ್ಕೆ ಸುತ್ತಿಸಿದರೆ ಹುಕ್ ಮೇಲೆ. ಬೆರಳು ಕೆಳಗೆ ಮಾಡಿ ಸುತ್ತಿಸಿದರೆ ಹುಕ್ ಕೆಳಗೆ. ಕೈ ಚಾಚಿ, ಮುಷ್ಟಿ ಹಿಡಿದು, ಹೆಬ್ಬೆರಳು ಮೇಲೆ ಮಾಡಿದರೆ ಬೂಮ್ ಮೇಲೆ, ಹೆಬ್ಬೆರಳು ಕೆಳಗಾದರೆ ಬೂಮ್ ಕೆಳಗೆ. ಬೆರಳು ಹುಕ್ಕಿಗೆ, ಹೆಬ್ಬೆರಳು ಬೂಮಿಗೆ. ಇದು ಅದಲು ಬದಲು ಆದ್ರೆ ಕಷ್ಟ. ಹುಕ್ ಇಳಿಸಿದರೆ ಲೋಡ್ ನೇರ ಕೆಳಗೆ ಬರ್ತದೆ. ಬೂಮ್ ಇಳಿಸಿದರೆ ಲೋಡ್ ಕ್ರೇನಿನಿಂದ ದೂರ ಹೋಗ್ತದೆ. ದೂರ ಹೋದಷ್ಟೂ ಕ್ರೇನಿನ ತಾಕತ್ತು ಕಮ್ಮಿ. ಹತ್ತಿರ ಇದ್ದಾಗ ಆರಾಮಾಗಿ ಎತ್ತಿದ ಅದೇ ಕಟ್ಟು ದೂರದಲ್ಲಿ ಕ್ರೇನನ್ನೇ ಮಗುಚಬಹುದು.

ಕೈ ಬದಿಗೆ ಚಾಚಿ, ಅಂಗೈ ಕೆಳಗೆ ಮಾಡಿ, ಹಿಂದೆ ಮುಂದೆ ಆಡಿಸಿದರೆ ನಿಲ್ಲಿಸು. ಎರಡೂ ಕೈ ಹಾಗೆ ಮಾಡಿದರೆ ತಕ್ಷಣ ನಿಲ್ಲಿಸು. ಬೇರೆ ಸನ್ನೆ ಕೊಡುವುದು ಒಬ್ಬನೇ, ಆಪರೇಟರ್ ನೋಡುವುದೂ ಅವನನ್ನೇ. 'ನಿಲ್ಲಿಸು' ಮಾತ್ರ ಯಾರು ಬೇಕಾದರೂ ಕೊಡಬಹುದು, ನಿನ್ನೆ ಸೇರಿದ ಹುಡುಗನೂ. ಸನ್ನೆ ಕೊಡುವವ ಕಾಣದಿದ್ದರೆ ಆಪರೇಟರ್ ನಿಲ್ಲಿಸಲೇಬೇಕು.

ಮೊದಲು ಒಂದು ಗೇಣು ಎತ್ತಿ ನಿಲ್ಲಿಸಿ. ಒಂದು ಬದಿ ವಾಲಿದರೆ ಇಳಿಸಿ ಮತ್ತೆ ಕಟ್ಟಿ. ಕೈಯಿಂದ ಒತ್ತಿ ಸರಿ ಮಾಡಬೇಡಿ. ಕಂಬಿ ತಿರುಗದ ಹಾಗೆ ತುದಿಗೆ ಕಟ್ಟಿದ ಹಗ್ಗವನ್ನು ದೂರದಿಂದ ಹಿಡೀರಿ, ಅದನ್ನು ಕೈಗೆ ಸುತ್ತಿಕೊಳ್ಳಬೇಡಿ. ಲೋಡಿನ ಕೆಳಗೆ ಯಾರೂ ಬರಬಾರದು."

ಇಷ್ಟಾದ ಮೇಲೆ 'ಅರ್ಥ ಆಯ್ತಾ' ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ತಲೆ ಆಡಿಸುತ್ತಾರೆ. 'ಬೂಮ್ ಇಳಿಸು, ತೋರಿಸಿ' ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಹೆಬ್ಬೆರಳಿನ ಬದಲು ತೋರುಬೆರಳು ತೋರಿಸಿದವರನ್ನು ಅವತ್ತು ಸನ್ನೆಗೆ ನಿಲ್ಲಿಸುವುದು ಬೇಡ.