ಮಿಲ್ಲಿಂಗ್ ಕಟರ್‌ಗೆ ಟೇಬಲ್ ಫೀಡ್ ಎಷ್ಟು ಕೊಡಬೇಕು? ಲೆಕ್ಕ ಹಾಕುವ ವಿಧಾನ ಇಲ್ಲಿದೆ

ಮಿಲ್ಲಿಂಗ್ ಯಂತ್ರದಲ್ಲಿ ಟೇಬಲ್ ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂಬುದೇ ಟೇಬಲ್ ಫೀಡ್. ಕಟರ್ ಅಥವಾ ಸ್ಪಿಂಡಲ್ ವೇಗ ಬದಲಾದರೂ ಹಳೆಯ ಫೀಡನ್ನೇ ಉಳಿಸಿಕೊಂಡರೆ ಕಟರ್ ಮುರಿಯಬಹುದು, ಇಲ್ಲವೇ ಬೇಗ ಸವೆಯಬಹುದು. ಏಕೆಂದರೆ ಕಟರ್‌ಗೆ ನಿಜವಾಗಿ ಮುಖ್ಯವಾದುದು ಪ್ರತಿ ಹಲ್ಲು ಎಷ್ಟು ಲೋಹ ಕಚ್ಚುತ್ತದೆ ಎಂಬುದು.

ಸೂತ್ರ ಏನು?

ಒಂದು ಹಲ್ಲಿನ ಫೀಡ್, ಹಲ್ಲುಗಳ (ಫ್ಲೂಟ್‌ಗಳ) ಸಂಖ್ಯೆ ಹಾಗೂ ಸ್ಪಿಂಡಲ್‌ನ ಆರ್‌ಪಿಎಂ, ಈ ಮೂರನ್ನೂ ಗುಣಿಸಿದರೆ ಟೇಬಲ್ ಫೀಡ್ ಸಿಗುತ್ತದೆ.

```
F = fz × z × n
```

ಒಂದು ಹಲ್ಲಿನ ಫೀಡ್ ಮತ್ತು ಕತ್ತರಿಸುವ ವೇಗವನ್ನು ಕಟರ್ ತಯಾರಕರ ಪಟ್ಟಿಯಿಂದ ತೆಗೆದುಕೊಳ್ಳಬೇಕು. ಆರ್‌ಪಿಎಂ ತಿಳಿಯಲು ಕತ್ತರಿಸುವ ವೇಗವನ್ನು 1000ದಿಂದ ಗುಣಿಸಿ, 3.1416 ಮತ್ತು ಕಟರ್ ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು.

ಒಂದು ಉದಾಹರಣೆ

ನಾಲ್ಕು ಹಲ್ಲಿನ, 10 ಮಿ.ಮೀ. ವ್ಯಾಸದ ಕಾರ್ಬೈಡ್ ಎಂಡ್ ಮಿಲ್‌ನಿಂದ ಮೈಲ್ಡ್ ಸ್ಟೀಲ್ ಕತ್ತರಿಸಬೇಕಿದೆ ಎಂದುಕೊಳ್ಳಿ. ಪಟ್ಟಿಯಲ್ಲಿ ಕತ್ತರಿಸುವ ವೇಗ ನಿಮಿಷಕ್ಕೆ 100 ಮೀಟರ್, ಒಂದು ಹಲ್ಲಿನ ಫೀಡ್ 0.05 ಮಿ.ಮೀ. ಎಂದಿದೆ.

```
n = 1000 × 100 / (3.1416 × 10) = 3183
F = 0.05 × 4 × 3183 = 637
```

ಅಂದರೆ ಟೇಬಲ್ ಫೀಡ್ ನಿಮಿಷಕ್ಕೆ 637 ಮಿ.ಮೀ.

ಎಲ್ಲಿ ತಪ್ಪಾಗುತ್ತದೆ?

ಇದೇ ಕೆಲಸವನ್ನು ಗರಿಷ್ಠ 2000 ಆರ್‌ಪಿಎಂನ ಹಳೆಯ ಯಂತ್ರಕ್ಕೆ ತಂದರೆ ಫೀಡ್ 400ಕ್ಕೆ ಇಳಿಯಬೇಕು. 637 ಅನ್ನೇ ಬಿಟ್ಟರೆ ಪ್ರತಿ ಹಲ್ಲಿನ ಪಾಲು ಸುಮಾರು 0.08 ಮಿ.ಮೀ. ಆಗುತ್ತದೆ. ಇನ್ನು 3183 ಆರ್‌ಪಿಎಂನಲ್ಲೇ ಎರಡು ಹಲ್ಲಿನ ಕಟರ್ ಹಾಕಿ ಅದೇ ಫೀಡ್ ಕೊಟ್ಟರೆ 0.10 ಮಿ.ಮೀ., ಅಂದರೆ ಹೊರೆ ನೇರ ದುಪ್ಪಟ್ಟು. ಆಗ ಯಂತ್ರ ಅದುರುತ್ತದೆ, ಸ್ಪಿಂಡಲ್ ಲೋಡ್ ಏರುತ್ತದೆ, ಹಲ್ಲಿನ ಅಂಚು ಚಕ್ಕೆ ಏಳುತ್ತದೆ.

ಭಯಪಟ್ಟು ಫೀಡನ್ನು ತೀರಾ ಇಳಿಸುವುದೂ ಸರಿಯಲ್ಲ. ಮೊದಲ ಉದಾಹರಣೆಯಲ್ಲಿ 120 ಮಿ.ಮೀ. ಫೀಡ್ ಕೊಟ್ಟರೆ ಒಂದು ಹಲ್ಲಿಗೆ ಬರುವುದು 0.01 ಮಿ.ಮೀ.ಗಿಂತಲೂ ಕಡಿಮೆ. ಆಗ ಹಲ್ಲು ಲೋಹವನ್ನು ಕತ್ತರಿಸುವ ಬದಲು ಉಜ್ಜುತ್ತದೆ. ಕೀರಲು ಸದ್ದು, ಪುಡಿಯಂತಹ ಚಿಪ್, ಬಿಸಿಯಾದ ಜಾಬ್ ಇದರ ಲಕ್ಷಣಗಳು. ಕಟರ್‌ನ ಅಂಚು ಬೇಗ ಮೊಂಡಾಗುತ್ತದೆ.

ಈ ಸೂತ್ರದ ಮಿತಿ

ಕಟರ್ ತನ್ನ ವ್ಯಾಸದ ಅರ್ಧಕ್ಕಿಂತ ಕಡಿಮೆ ಅಗಲ ಕತ್ತರಿಸುವಾಗ ಚಿಪ್‌ನ ದಪ್ಪ ಒಂದು ಹಲ್ಲಿನ ಫೀಡ್‌ಗಿಂತ ತೆಳುವಾಗುತ್ತದೆ. ನಮ್ಮ 10 ಮಿ.ಮೀ. ಕಟರ್ ಬದಿಯಿಂದ ಕೇವಲ 1 ಮಿ.ಮೀ. ತೆಗೆದರೆ ಚಿಪ್ ದಪ್ಪ 0.03 ಮಿ.ಮೀ. ಮಾತ್ರ, ಅಂದರೆ 0.6 ಪಟ್ಟು. ಪಟ್ಟಿಯ ದಪ್ಪ ಸಿಗಬೇಕಾದರೆ 637 ಅನ್ನು 0.6ರಿಂದ ಭಾಗಿಸಿ, ಸುಮಾರು 1060 ಮಿ.ಮೀ. ಫೀಡ್ ಕೊಡಬೇಕು. ಆದರೆ ಆ ಫೀಡ್‌ನಲ್ಲಿ ಮೂಲೆಗೆ ಬಂದಾಗ ಕಟರ್ ಹೆಚ್ಚು ಅಗಲ ಕಚ್ಚುವುದರಿಂದ, ಅಲ್ಲಿ ಮತ್ತೆ ಫೀಡ್ ಇಳಿಸಲೇಬೇಕು.