ಶಿಫ್ಟೋ ರೆಡ್ಯೂಸೋ: ಒಂದು ಸಂಘರ್ಷದ ಚರಿತ್ರೆ

ಪ್ರೋಗ್ರಾಮಿನ ಪಠ್ಯವನ್ನು ಎಡದಿಂದ ಬಲಕ್ಕೆ ಒಂದೊಂದೇ ಪದವಾಗಿ ಓದುತ್ತ, ಓದಿದುದನ್ನು ಸ್ಟ್ಯಾಕಿನ ಮೇಲೆ ಒಂದರ ಮೇಲೊಂದರಂತೆ ಪೇರಿಸುತ್ತ, ವ್ಯಾಕರಣದ ಯಾವುದಾದರೊಂದು ಸೂತ್ರದ ಬಲಭಾಗವು ಆ ಪೇರಿಕೆಯ ತುದಿಯಲ್ಲಿ ಸಂಪೂರ್ಣವಾಗಿ ಮೈದೋರಿದೊಡನೆ ಅದನ್ನು ಇಳಿಸಿ, ಆ ಸ್ಥಾನದಲ್ಲಿ ಸೂತ್ರದ ಎಡಭಾಗದ ಹೆಸರನ್ನಿರಿಸುವ ಪದ್ಧತಿಗೆ ಶಿಫ್ಟ್-ರೆಡ್ಯೂಸ್ ಪಾರ್ಸಿಂಗ್ ಎಂದು ಹೆಸರು. ಪೇರಿಸುವುದು ಶಿಫ್ಟ್, ಇಳಿಸಿ ಹೆಸರಿಡುವುದು ರೆಡ್ಯೂಸ್. ಈ ಎರಡೇ ಕ್ರಿಯೆಗಳಿಂದ ಕಂಪೈಲರು ಇಡೀ ಪ್ರೋಗ್ರಾಮಿನ ರಚನೆಯನ್ನು ಅರಿಯಬಲ್ಲುದಾದರೂ, ಕೆಲವೊಮ್ಮೆ ಎರಡೂ ಏಕಕಾಲದಲ್ಲಿ ಸಾಧ್ಯವೆಂದು ತೋರಿ, ಯಾವುದನ್ನು ಮಾಡಬೇಕೆಂಬುದು ತಿಳಿಯದೆ ಅದು ನಿಂತುಬಿಡುತ್ತದೆ. ಈ ನಿಲುಗಡೆಯನ್ನು ಯಂತ್ರದ ದೋಷವೆಂದು ಬಗೆಯುವವರು ಬಹುಮಂದಿ. ವಾಸ್ತವದಲ್ಲಿ ಅದು ವ್ಯಾಕರಣವು ತನ್ನ ಕರ್ತೃವಿಗೆ ಹಾಕುವ ಪ್ರಶ್ನೆ.

ಸ್ಟ್ಯಾಕನ್ನು ಈ ಕಾರ್ಯಕ್ಕೆ ತೊಡಗಿಸಿದವರಲ್ಲಿ ಜರ್ಮನಿಯ ಬೌವರ್ ಮತ್ತು ಸ್ಯಾಮೆಲ್ಸನ್ ಮೊದಲಿಗರ ಸಾಲಿನವರು. ಗಣಿತಸೂತ್ರಗಳನ್ನು ಓದುವ ಅವರ ವಿಧಾನವು 1950ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡು 1960ರ ವೇಳೆಗೆ ಪ್ರಕಟವಾಗಿತ್ತು. 1963ರಲ್ಲಿ ಫ್ಲಾಯ್ಡ್ ಕೂಡುವ, ಗುಣಿಸುವ ಚಿಹ್ನೆಗಳ ಪ್ರಾಧಾನ್ಯವನ್ನೇ ಆಧಾರವಾಗಿಟ್ಟುಕೊಂಡು ಕೋಷ್ಟಕವೊಂದನ್ನು ರಚಿಸುವ ಮಾರ್ಗವನ್ನು ತೋರಿದರು. ಇವೆಲ್ಲ ಉಪಯುಕ್ತವಾದರೂ ಬಿಡಿಬಿಡಿ ಉಪಾಯಗಳು. ಯಾವ ವ್ಯಾಕರಣವು ಈ ಪದ್ಧತಿಗೆ ಒಗ್ಗುವುದು, ಯಾವುದು ಒಗ್ಗದು ಎಂಬುದಕ್ಕೆ ಶಾಸ್ತ್ರೀಯ ಲಕ್ಷಣವನ್ನು ಕೊಟ್ಟುದು 1965ರಲ್ಲಿ ಡೊನಾಲ್ಡ್ ಕನೂತ್ ಬರೆದ ಲೇಖನ. ಸ್ಟ್ಯಾಕಿನ ಮೇಲೆ ಇರಬಹುದಾದ ಪೂರ್ವಭಾಗಗಳನ್ನೆಲ್ಲ ಪರಿಮಿತ ಸಂಖ್ಯೆಯ ಸ್ಥಿತಿಗಳಾಗಿ ವಿಂಗಡಿಸಬಹುದೆಂದೂ, ಮುಂದಿನ ನಿಯತ ಸಂಖ್ಯೆಯ ಪದಗಳನ್ನಷ್ಟೇ ಇಣುಕಿ ನೋಡಿ ನಿರ್ಣಯ ಕೈಗೊಳ್ಳಬಲ್ಲ ವ್ಯಾಕರಣಗಳ ಒಂದು ವಿಶಾಲ ವರ್ಗವಿದೆಯೆಂದೂ ಅವರು ಸ್ಥಾಪಿಸಿದರು.

ಒಂದು ವ್ಯಾಕರಣವು ದ್ವಂದ್ವಾರ್ಥಕವೇ ಅಲ್ಲವೇ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ನಿರ್ಧರಿಸಬಲ್ಲ ಕ್ರಮವಿಧಿ ಇರಲಾರದೆಂಬುದು ಆ ಹೊತ್ತಿಗಾಗಲೇ ಸಿದ್ಧವಾಗಿತ್ತು. ಆದರೆ ಕನೂತರ ಕೋಷ್ಟಕವನ್ನು ಕಟ್ಟಿದಾಗ ಒಂದೂ ಸಂಘರ್ಷ ಬಾರದಿದ್ದರೆ, ಆ ವ್ಯಾಕರಣದಲ್ಲಿ ಯಾವ ವಾಕ್ಯಕ್ಕೂ ಎರಡು ರಚನೆಗಳಿಲ್ಲವೆಂಬುದು ನಿಸ್ಸಂದಿಗ್ಧ. ಸಂಘರ್ಷವು ಬಂದರೆ ಮಾತ್ರ ಏನೂ ಸಿದ್ಧವಾಗುವುದಿಲ್ಲ. ದ್ವಂದ್ವಾರ್ಥವಿರಬಹುದು, ಅಥವಾ ಒಂದು ಪದದ ಮುನ್ನೋಟ ಸಾಲದೆ ಹೋಗಿರಬಹುದು. ಸಂಘರ್ಷದ ಅಭಾವವು ಪ್ರಮಾಣ, ಸದ್ಭಾವವು ಕೇವಲ ಶಂಕೆ. ಈ ಅಸಮತೆಯನ್ನು ಮನಗಾಣದೆ ಪಾರ್ಸರ್ ಬರೆಯಹೊರಟವರು ಬಹುಕಾಲ ತಡವರಿಸುತ್ತಾರೆ.

ಪ್ರಸಿದ್ಧವಾದ ಉದಾಹರಣೆಯೊಂದನ್ನು ಹತ್ತಿರದಿಂದ ನೋಡೋಣ. `IF a THEN IF b THEN s ELSE t` ಎಂಬ ವಾಕ್ಯವನ್ನು ಓದುತ್ತ `s` ಅನ್ನು ದಾಟಿದಾಗ ಸ್ಟ್ಯಾಕಿನ ಮೇಲೆ `IF expr THEN IF expr THEN stmt` ಎಂಬುದಿದ್ದು, ಮುಂದಿನ ಪದವು `ELSE` ಆಗಿರುತ್ತದೆ. ಬೈಸನ್ ಎಂಬ ಉಪಕರಣಕ್ಕೆ `-v` ಸೇರಿಸಿ ನಡೆಸಿದರೆ ಅದು ಬರೆದಿಡುವ ವರದಿಯಲ್ಲಿ ಈ ಸ್ಥಿತಿಯು ಹೀಗೆ ಕಾಣುತ್ತದೆ:

```
State 8
  1 stmt: IF expr THEN stmt •
  2     | IF expr THEN stmt • ELSE stmt

    ELSE  shift, and go to state 9
    ELSE      [reduce using rule 1 (stmt)]
```

ಬಿಂದುವಿನ ಸ್ಥಾನವನ್ನು ಗಮನಿಸಬೇಕು. ಮೊದಲನೆಯ ಸೂತ್ರದಲ್ಲಿ ಅದು ಕೊನೆಗೆ ಬಂದು ನಿಂತಿದೆ, ಎಂದರೆ ರೆಡ್ಯೂಸ್ ಮಾಡಬಹುದು. ಎರಡನೆಯದರಲ್ಲಿ `ELSE`ನ ಹಿಂದೆಯೇ ಇದೆ, ಎಂದರೆ ಶಿಫ್ಟ್ ಮಾಡಬಹುದು. ಶಿಫ್ಟ್ ಮಾಡಿದರೆ `ELSE` ಒಳಗಣ `IF`ಗೆ ಸೇರುತ್ತದೆ, ರೆಡ್ಯೂಸ್ ಮಾಡಿದರೆ ಹೊರಗಣದಕ್ಕೆ. ಚೌಕ ಆವರಣದೊಳಗಿನ ಸಾಲು ಬೈಸನ್ ಕೈಬಿಟ್ಟ ಪಕ್ಷ. ಬೇರೆ ಆಜ್ಞೆಯಿಲ್ಲದಿದ್ದಲ್ಲಿ ಶಿಫ್ಟನ್ನೇ ಆರಿಸುವುದು ಅದರ ಸಂಪ್ರದಾಯ. ಇಲ್ಲಿ ನಿಜವಾಗಿಯೂ ಎರಡು ರಚನೆಗಳಿವೆ. ಒಂದೇ ಪ್ರೋಗ್ರಾಮು ಎರಡು ಬಗೆಯಾಗಿ ನಡೆಯಬಹುದಾಗಿತ್ತು.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಸಂಗವು ಬೈಸನ್ನಿನ ಪೂರ್ವಜವಾದ ಯಾಕ್‌ನ ಸ್ವಂತ ಲಿಪಿಯಲ್ಲಿಯೇ ಇದೆ. ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1975ರ ವರದಿಯಲ್ಲಿ ವಿವರಿಸಿದ ಈ ಉಪಕರಣದಲ್ಲಿ ಸೂತ್ರದ ಕೊನೆಗೆ ಅರ್ಧವಿರಾಮ ಹಾಕಲೇಬೇಕೆಂಬ ನಿರ್ಬಂಧವಿಲ್ಲ.

```
a : b c
d : e
```

`c` ಆದ ಮೇಲೆ ಬರುವ `d`, ಮೊದಲನೆಯ ಸೂತ್ರದ ಇನ್ನೊಂದು ಅಂಗವೋ, ಹೊಸ ಸೂತ್ರದ ತಲೆಯೋ ಎಂಬುದು ಅದರಾಚೆಗಿನ `:` ಚಿಹ್ನೆಯನ್ನು ಕಂಡಮೇಲಷ್ಟೇ ತಿಳಿಯುವುದು. ಓದುವ ಮನುಷ್ಯನಿಗೆ ಎಳ್ಳಷ್ಟೂ ಸಂದೇಹವಿಲ್ಲದ ಈ ಸ್ಥಳದಲ್ಲಿ, ಒಂದೇ ಪದವನ್ನು ಮುಂದೆ ನೋಡಬಲ್ಲ ಪಾರ್ಸರು ತಬ್ಬಿಬ್ಬಾಗುತ್ತದೆ. ಜಾನ್ಸನ್ ವ್ಯಾಕರಣವನ್ನು ಹಿಂಸಿಸಲಿಲ್ಲ. ಪದಗಳನ್ನು ಬಿಡಿಸಿಕೊಡುವ ಹಂತದಲ್ಲಿಯೇ ಹೆಸರಿನ ಮುಂದೆ `:` ಇದೆಯೇ ಎಂದು ನೋಡಿ, ಇದ್ದರೆ ಅದನ್ನು `C_IDENTIFIER` ಎಂಬ ಬೇರೆ ಜಾತಿಯ ಪದವಾಗಿ ಕೊಟ್ಟರು. ಪರಿಹಾರವು ನನಗೆ ಬಹಳ ಮೆಚ್ಚಾದುದು.

ಈ ನಡುವೆ 1969ರಲ್ಲಿ ಡಿರೀಮರ್, ಕನೂತರ ಬೃಹತ್ ಕೋಷ್ಟಕದಲ್ಲಿನ ಸಮಾನ ಸ್ಥಿತಿಗಳನ್ನು ಒಂದುಗೂಡಿಸಿ ಅದನ್ನು ಆ ಕಾಲದ ಯಂತ್ರಗಳಿಗೆ ನಿಲುಕುವಂತೆ ಕುಗ್ಗಿಸಿದ್ದರು. ಈ ಕುಗ್ಗಿಸುವಿಕೆಯಿಂದ ಎರಡು ರೆಡ್ಯೂಸ್‌ಗಳ ನಡುವಣ ಸಂಘರ್ಷವು ಹೊಸದಾಗಿ ಹುಟ್ಟಬಹುದಾದರೂ, ಶಿಫ್ಟ್-ರೆಡ್ಯೂಸ್ ಸಂಘರ್ಷವು ಎಂದಿಗೂ ಹುಟ್ಟದು. ಆದುದರಿಂದ ಯಾಕ್ ಅಂತಹ ಸಂಘರ್ಷವನ್ನು ವರದಿಮಾಡಿದಾಗ ಕೋಷ್ಟಕದ ಮಿತವ್ಯಯವನ್ನು ದೂರುವಂತಿಲ್ಲ. ಒಂದೇ ಪದದ ಮುನ್ನೋಟದಲ್ಲಿ ಅದು ವ್ಯಾಕರಣದ್ದೇ. 1975ರಲ್ಲಿಯೇ ಅಹೊ, ಜಾನ್ಸನ್, ಉಲ್ಮನ್ ಅವರು ದ್ವಂದ್ವಾರ್ಥಕ ವ್ಯಾಕರಣವನ್ನು ಬೇಕೆಂದೇ ಬರೆದು, ಸಂಘರ್ಷವನ್ನು ಪ್ರಾಧಾನ್ಯದ ಘೋಷಣೆಯಿಂದ ತೀರ್ಮಾನಿಸುವುದಕ್ಕೆ ಶಾಸ್ತ್ರದ ಮನ್ನಣೆ ದೊರಕಿಸಿದರು. ಅಲ್ಲಿಂದ ಮುಂದೆ `%expect 1` ಎಂದು ಬರೆದು ನೆಮ್ಮದಿಯಾಗಿರುವ ಅಭ್ಯಾಸವೂ ಬೆಳೆಯಿತು. ಇದರಲ್ಲಿ ಅಪಾಯವಿದೆ: ವ್ಯಾಕರಣವನ್ನು ತಿದ್ದುವಾಗ ಹಳೆಯ ಸಂಘರ್ಷ ಅಳಿದು ಬೇರೆಡೆ ಹೊಸದೊಂದು ಹುಟ್ಟಿದರೂ ಎಣಿಕೆ ಒಂದೇ ಆಗಿ ಉಳಿಯುವುದರಿಂದ, ಉಪಕರಣವು ಮೌನವಾಗಿರುತ್ತದೆ.

ಸಂಘರ್ಷವನ್ನು ಅಳಿಸುವ ಬದಲು ಬಳಸಿಕೊಳ್ಳುವ ವಿಚಾರವು ನಮ್ಮ ಸಮೀಪದಲ್ಲಿಯೇ ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪ್ರೀತಿ ಶಂಕರ್ ಅವರು, ಮಾಯಾ ಮಾಧವನ್ ಮೊದಲಾದವರೊಡನೆ, 2000ದಲ್ಲಿ ಪ್ರಕಟಿಸಿದ ಲೇಖನವು ಗ್ರಹಾಮ್ ಮತ್ತು ಗ್ಲಾನ್‌ವಿಲ್ ಎಂಬವರ ಮಾರ್ಗವನ್ನು ವಿಸ್ತರಿಸುತ್ತದೆ. ಈ ಮಾರ್ಗದಲ್ಲಿ ವ್ಯಾಕರಣವು ವರ್ಣಿಸುವುದು ಭಾಷೆಯನ್ನಲ್ಲ, ಯಂತ್ರದ ಆದೇಶಗಳನ್ನು. ಒಂದೊಂದು ರೆಡ್ಯೂಸ್ ಕೂಡ ಒಂದು ಆದೇಶದ ರಚನೆ. ಸ್ಪಷ್ಟತೆಗಾಗಿ ನಾನೇ ಹೊಂದಿಸಿದ ಪುಟ್ಟ ವ್ಯಾಕರಣವಿದು:

```
reg : con
    | reg reg '+'
    | reg con '+'
```

ಸ್ಟ್ಯಾಕಿನ ಮೇಲೆ `reg con` ಇದ್ದು ಮುಂದೆ `+` ಬಂದರೆ ಸಂಘರ್ಷ ತಪ್ಪದು. ರೆಡ್ಯೂಸ್ ಮಾಡಿದರೆ ಸ್ಥಿರಾಂಕವನ್ನು ರಿಜಿಸ್ಟರಿಗೆ ತುಂಬುವುದಕ್ಕೊಂದು, ಕೂಡುವುದಕ್ಕೊಂದು, ಹೀಗೆ ಎರಡು ಆದೇಶಗಳು. ಶಿಫ್ಟ್ ಮಾಡಿದರೆ ಸ್ಥಿರಾಂಕವನ್ನೊಳಗೊಂಡ ಒಂದೇ ಆದೇಶ. ಎರಡೂ ಸರಿ, ಬೆಲೆ ಮಾತ್ರ ಬೇರೆ. ಗ್ರಹಾಮ್-ಗ್ಲಾನ್‌ವಿಲ್ ಇಂತಲ್ಲಿ ಶಿಫ್ಟಿಗೆ ಒಲಿದರು. ಪ್ರೀತಿ ಶಂಕರ್ ಅವರ ಪದ್ಧತಿಯಾದರೋ ಇಂತಹ ಊಹೆಯ ನಿಯಮಗಳನ್ನು ತೊರೆದು, ಬೆಲೆಗಳ ಲೆಕ್ಕವನ್ನು ಕೋಷ್ಟಕ ಕಟ್ಟುವಾಗಲೇ ಮುಗಿಸಿ, ಅಗ್ಗದ ಆದೇಶಸರಣಿಯನ್ನು ಪಠ್ಯದ ಅಳತೆಗೆ ಅನುಗುಣವಾದ ಕಾಲದಲ್ಲಿಯೇ ಕಂಡುಕೊಳ್ಳುತ್ತದೆ.

ಬೆಲೆಯೊಂದೇ ಸಾಲದ ಸ್ಥಳಗಳೂ ಉಂಟು. ರಿಸ್ಕ್-ಫೈವ್ ಯಂತ್ರದ `addi` ಆದೇಶದಲ್ಲಿ −2048ರಿಂದ 2047ರವರೆಗಿನ ಸ್ಥಿರಾಂಕಕ್ಕಷ್ಟೇ ಎಡೆ. 5000 ಬಂದಾಗ ಅಗ್ಗವೆಂದು ಶಿಫ್ಟ್ ಮಾಡಿದರೆ ಬರೆಯಲು ಆದೇಶವೇ ಇರುವುದಿಲ್ಲ. ಅದಕ್ಕಾಗಿ `con` ಎಂಬುದನ್ನು ಕಿರಿದು ಹಿರಿದೆಂದು ಎರಡು ಜಾತಿಯಾಗಿ ಒಡೆದು, ಮೂರನೆಯ ಸೂತ್ರವನ್ನು ಕಿರಿದಕ್ಕೆ ಮಾತ್ರ ಉಳಿಸಿದರೆ, ಹಿರಿಯ ಸ್ಥಿರಾಂಕದ ಎದುರಿನಲ್ಲಿ ಪಾರ್ಸರಿಗೆ ರೆಡ್ಯೂಸ್ ಒಂದೇ ಗತಿಯಾಗುತ್ತದೆ. ಕಿರಿಯದರ ಎದುರಿನಲ್ಲಿ ಸಂಘರ್ಷವು ಹಾಗೆಯೇ ಉಳಿದು, ಅಲ್ಲಿ ಬೆಲೆಯೇ ತೀರ್ಪು ಹೇಳುತ್ತದೆ.